ಮೆಂತ್ಯಕ್ಕೆ ನೂರೆಂಟು ನಾಮ

ಶ್ರಾವಣ ಶನಿವಾರದ ಬೆಳಗಿನ ಭಜನೆ ಮುಗಿಸಿ, ಆಂಜನೇಯನ ಗುಡಿಯಲ್ಲಿ ಪುಳಿಯೋಗರೆ ಹಂಚಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ವೆಂಕಟರಾಮಪ್ಪನ ಫೋನು ಹಳೇ ಬಸ್ಸಿನ ಕಿಟಕಿಯಂತೆ ಗಡಗಡ ಅಲುಗಿತು. ಭಜನೆ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಪ್ರಮೋದಾ ಟೀಚರ್ ಬರೆದಿದ್ದರು:

“ಪ್ರಸಾದ ಅಂತ ಬಾಯ್ಮುಚ್ಕೊಂಡು ತಿಂತಿದೀವಿ. ಇವತ್ತಿಂದು ಬರೀ ಕಹಿ. ಮಕ್ಕಳು ಗುಡಿ ಹಿಂದೆ ಹೋಗಿ ಉಗುಳಿದ್ರು. ಸಂಜೆಗೂ ಹೀಗೇ ಆದ್ರೆ ಮುಂದಿನ ವಾರದಿಂದ ಅಡುಗೆಯವ್ರಿಗೆ ಹೇಳಿಬಿಡೋಣ.”

ವೆಂಕಟರಾಮಪ್ಪ ಅದನ್ನು ಎರಡು ಸಲ ಓದಿದ. ವಿಜಯಪುರದ ಆ ಗುಡಿಗೆ ಇಪ್ಪತ್ತೆರಡು ವರ್ಷ ಪುಳಿಯೋಗರೆ ಮಾಡಿದವಳು ಅವನ ಹೆಂಡತಿ ಸಪ್ಪಲಮ್ಮ. ಅವಳು ತೀರಿಹೋಗಿ ಎರಡು ವರ್ಷ. ಅಂದಿನಿಂದ ಮಾಡುವವನು ಇವನೇ, ಆದರೆ ಅವಳ ಬಾಣಲೆ, ಅವಳ ಅಳತೆ, ಅವಳ ಕ್ರಮ. ನೂರೆಂಟು ರಾಮನಾಮ ಮುಗಿಯುವ ತನಕ ಅವಳು ಮೆಂತ್ಯ ಹುರಿಯುತ್ತಿದ್ದಳು. ಅವನೂ ಒಂದು ನಾಮ ಕಡಿಮೆ ಮಾಡಿದವನಲ್ಲ. ವಾರವೆಲ್ಲ ಮೂಕವಾಗಿರುವ ಮನೆಯಲ್ಲಿ ಆ ಹೊತ್ತಿಗೆ ಮಾತ್ರ ಅವಳು ಪಕ್ಕದಲ್ಲೇ ನಿಂತಂತಿರುತ್ತಿತ್ತು. ಅಡುಗೆಯವನು ಬಂದರೆ ಅದೂ ಹೋಯಿತು.

ಪಕ್ಕದ ಮನೆಯ ಅಂಜಿನಮ್ಮ ಫೋನು ಹಿಡಿದುಕೊಂಡೇ ಓಡಿಬಂದಳು. “ನೋಡಿದ್ರಾ ಅಣ್ಣಾ? ಸುಮ್ನಿರ್ಬೇಡಿ. ‘ನಿಮ್ಮ ಮನೇಲಿ ನೀವು ಒಂದು ದಿನಾನಾದ್ರೂ ಒಲೆ ಹಚ್ಚಿದೀರಾ’ ಅಂತ ಬರೀರಿ.”

ಅವನ ಹೆಬ್ಬೆರಳು ‘ನಿಮ್ಮ ಮನೇಲಿ’ ತನಕ ಹೋಯಿತು. ಅಲ್ಲಿಗೆ ನಿಂತಿತು. ಮೂವತ್ತು ವರ್ಷ ಬಸ್ಸು ಓಡಿಸಿದವನು. ಹಾರನ್ನಿಗಿಂತ ಮೊದಲು ಬ್ರೇಕು ಎಂಬುದು ಕೈಗೆ ಗೊತ್ತಿತ್ತು. ಅಳಿಸಲು ಹೋದ. ಬೆರಳು ಜಾರಿ ಬರೆದಷ್ಟೂ ಗುಂಪಿಗೆ ಹೋಯಿತು. ಗಾಬರಿಯಿಂದ ತೆಗೆದುಹಾಕಿದರೆ, ಸಂದೇಶ ಅಳಿಸಲಾಗಿದೆ ಎಂಬ ಸಾಲು ಒಡೆದ ಹಲ್ಲಿನಂತೆ ಎಲ್ಲರಿಗೂ ಕಾಣುತ್ತ ಕುಳಿತಿತು. ಅದರ ಕೆಳಗೆ ಯಾರೋ ಮೂರು ಪ್ರಶ್ನೆಚಿಹ್ನೆ ಹಾಕಿದರು.

ಅಷ್ಟರಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮುರಳಿಯ ಧ್ವನಿ ಸಂದೇಶ ಗುಂಪಿಗೆ ಬಂತು, ಹಿಂದೆ ಮಿಷಿನ್ನಿನ ಗರಗರ ಸಮೇತ: “ಅಣ್ಣೋ, ತಲೆ ಕೆಡಿಸ್ಕೋಬೇಡ. ಟೀಚರಮ್ಮಂಗೆ ಕೆಂಪು ಪೆನ್ನು ಕೈಯಲ್ಲಿಲ್ದೆ ಇದ್ರೆ ಊಟ ಸೇರಲ್ಲ.”

ಅದಕ್ಕೆ ನಾಲ್ಕು ಜನ ನಕ್ಕರು. ಟೀಚರ್ ಏನೋ ಬರೆಯುತ್ತಿದ್ದಾರೆಂದು ಫೋನು ತೋರಿಸುತ್ತಿತ್ತು.

ವೆಂಕಟರಾಮಪ್ಪ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಬಾಯಿ ಮುಕ್ಕಳಿಸಿ, ಉಳಿದಿದ್ದ ಪುಳಿಯೋಗರೆಯನ್ನು ಒಂದು ತುತ್ತು ತಿಂದ. ಅವನಿಗೆ ಸಪ್ಪಲಮ್ಮನ ರುಚಿಯೇ ಬಂತು. ಆದರೆ ಮಕ್ಕಳು ಉಗುಳಿದ್ದು ಸುಳ್ಳಲ್ಲವಲ್ಲ. ಟೀಚರ್ ಮಾತಿನ ಖಾರವನ್ನು ಬದಿಗೆ ಸರಿಸಿದರೆ ಕೆಳಗೆ ಉಳಿಯುವುದು ಒಂದೇ ವಿಷಯ: ಕಹಿ. ಫೋನು ತೆಗೆದುಕೊಂಡು ನಿಧಾನವಾಗಿ ಬರೆದ:

“ಟೀಚರ್, ಮೊದಲು ಕೋಪದಲ್ಲಿ ಏನೋ ಬರೆದೆ, ಅಳಿಸಿದೆ. ತಪ್ಪಾಯ್ತು. ಮುರಳಿ, ನನ್ನ ಪರವಾಗಿ ಜಗಳ ಬೇಡಪ್ಪ. ಮಕ್ಕಳು ಉಗುಳಿದ್ದಾರೆ ಅಂದ ಮೇಲೆ ನನ್ನ ಕೈದೇ ದೋಷ. ಕಹಿ ಬಾಯಿಗಿಟ್ಟ ಕೂಡಲೇ ಬಂತಾ, ನುಂಗಿದ ಮೇಲೆ ಬಂತಾ?”

ಕೊನೆಗೆ ‘ಆದರೂ ನನಗೇನೂ ಕಹಿ ಅನ್ನಿಸಲಿಲ್ಲ’ ಎಂದು ಸೇರಿಸಿದ್ದ. ಕಳಿಸುವ ಮುಂಚೆ ಆ ‘ಆದರೂ’ವನ್ನು ಬಾಲದ ಸಮೇತ ಕತ್ತರಿಸಿದ.

“ಇಷ್ಟು ತಗ್ಗಿದ್ರೆ ತಲೆ ಮೇಲೆ ಕೂರ್ತಾರೆ, ನೋಡ್ತಿರಿ” ಎಂದು ಅಂಜಿನಮ್ಮ ಮೂಗು ಮುರಿದಳು.

ಟೀಚರ್ ಉತ್ತರ ಮೆತ್ತಗೆ ಬಂತು. “ನುಂಗಿದ ಮೇಲೆ, ಯಜಮಾನ್ರೇ. ಗಂಟಲಲ್ಲಿ ನಿಲ್ತಿತ್ತು. ನಾನೂ ಸ್ವಲ್ಪ ಒರಟಾಗಿ ಬರೆದೆ.”

ಬಾಯಿಗಿಟ್ಟ ಕೂಡಲೇ ಬಂದಿದ್ದರೆ ಎಣ್ಣೆಯದೋ ಕಡಲೆಕಾಯಿಯದೋ ದೋಷ. ಆಮೇಲೆ ಬಂದರೆ ಮೆಂತ್ಯ ಸೀದಿದೆ. “ಮೆಂತ್ಯ ಕಪ್ಪಾಗಿದೆ. ಸಂಜೆಗೆ ಬೇರೆ ಹುರಿದು ತರ್ತೀನಿ. ತಿಂದು ಹೇಳಿ” ಎಂದು ಬರೆದು ಫೋನು ಮುಚ್ಚಿಟ್ಟ.

ಮಧ್ಯಾಹ್ನ ಒಲೆಯ ಮುಂದೆ ನಿಂತ. ಐವತ್ತನಾಲ್ಕು ನಾಮಕ್ಕೆ ಮೆಂತ್ಯ ಹೊಂಬಣ್ಣಕ್ಕೆ ಬಂತು. ಬಾಣಲೆ ಇಳಿಸಿದ. ಮಿಕ್ಕ ಐವತ್ತನಾಲ್ಕನ್ನು ಖಾಲಿ ಒಲೆಯ ಮುಂದೆ ಹೇಳಿ ಮುಗಿಸಿ, ದೇವರ ಪಟಕ್ಕೆ ಕೈಮುಗಿದ. ಪಕ್ಕದ ಪಟಕ್ಕೂ ಮುಗಿದ.

ಸಂಜೆ ಪಾತ್ರೆಯ ತಳ ಕಂಡಿತು. ಮಕ್ಕಳು ಎರಡನೇ ಸಲ ದೊನ್ನೆ ಒಡ್ಡಿದರು. ಅಡುಗೆಯವನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ವೆಂಕಟರಾಮಪ್ಪ ಗೆದ್ದವನಂತೆ ಮನೆಗೆ ಬಂದು, ತನಗೆಂದು ತೆಗೆದಿಟ್ಟಿದ್ದನ್ನು ತಟ್ಟೆಗೆ ಹಾಕಿಕೊಂಡು ಕುಳಿತ. ಫೋನು ಅಲುಗಿತು. ಟೀಚರ್:

“ಯಜಮಾನ್ರೇ, ಅದ್ಭುತ. ನಿಜ ಹೇಳ್ಲಾ? ಸಪ್ಪಲಮ್ಮೋರ ಕಾಲದಿಂದ್ಲೂ ಇದೇ ಕಹಿ. ಆಯಮ್ಮ ನೊಂದ್ಕೋತಾರೆ ಅಂತ ಇಪ್ಪತ್ತೆರಡು ವರ್ಷ ಯಾರೂ ಬಾಯಿ ಬಿಡ್ಲಿಲ್ಲ. ನಿಮಗಾದ್ರೆ ಹೇಳಬಹುದು ಅಂತ ಇವತ್ತು ಗೊತ್ತಾಯ್ತು.”

ಕೆಳಗೆ ಹೆಬ್ಬೆರಳುಗಳು ಸಾಲುಗಟ್ಟಿದವು. ಮೊದಲನೆಯದು ಮುರಳಿಯದು. ಗೋಡೆಯಾಚೆಯಿಂದ ಅಂಜಿನಮ್ಮನ ದನಿ ಬಂತು: “ನಾನೂ ಎಷ್ಟೋ ಸಲ ಹೇಳ್ಬೇಕು ಅಂತಿದ್ದೆ ಅಣ್ಣಾ.”

ಸಪ್ಪಲಮ್ಮನ ಬಗ್ಗೆ, ಅವಳು ಉತ್ತರ ಕೊಡಲಾಗದ ಜಾಗದಲ್ಲಿ! ಬೆರಳು ಮತ್ತೆ ‘ನಿಮ್ಮ ಮನೇಲಿ’ ಎಂದು ಬರೆಯಿತು. ಈ ಸಲ ಬ್ರೇಕು ಹಿಡಿಯಲು ಬಹಳ ಹೊತ್ತು ಬೇಕಾಯಿತು. ಒಂದೊಂದೇ ಅಕ್ಷರ ಅಳಿಸಿ ಬರೆದ: “ಹೇಳಿದ್ದು ಒಳ್ಳೇದಾಯ್ತು. ಇನ್ನು ಮುಂದೆ ಹೀಗೇ ಮಾಡ್ತೀನಿ.”

ಕಳಿಸಿ, ಒಂದು ತುತ್ತು ಬಾಯಿಗಿಟ್ಟ. ಹುಳಿ, ಬೆಲ್ಲ, ಒಗ್ಗರಣೆ, ಎಲ್ಲವೂ ಹದವಾಗಿತ್ತು. ನುಂಗಿ, ಕಣ್ಣು ಮುಚ್ಚಿ ಅವಳ ಕಹಿಗೆ ಕಾದ. ಗಂಟಲಲ್ಲಿ ಏನೂ ನಿಲ್ಲಲಿಲ್ಲ.