ತೊಟ್ಟಿಲಿಗೆ ಗೊರಕೆ ಕಲಿಸಿದ ಮಹನೀಯರಿಗೆ

ಧಾರವಾಡ, ಬುಧವಾರ
ಆಗಸ್ಟ್ ೧೯೩೮

ಹುಬ್ಬಳ್ಳಿ ದುರ್ಗದಬೈಲಿನ ‘ನಿದ್ರಾಭೂಷಣ’ ಗುಳಿಗೆಯ ಕಾರಖಾನೆಯಲ್ಲಿ ಡಬ್ಬಿಯ ಮೇಲಿನ ಮಾತುಗಳನ್ನು ಬರೆಯುವ ಮಾನ್ಯರೇ,

ತಮ್ಮ ಹೆಸರು ನನಗೆ ತಿಳಿಯದು. ಆದರೂ ಮನೆಯ ಹಿರಿಯರಿಗೆ ಸಲ್ಲುವಷ್ಟೇ ಭಕ್ತಿಯಿಂದ ತಮಗೆ ನಮಸ್ಕಾರ. ಇನ್ನೊಂದು ಕೈಯಲ್ಲಿ ಕೂಸಿರುವುದರಿಂದ ಈ ನಮಸ್ಕಾರ ಒಂದೇ ಕೈಯದು, ಕ್ಷಮಿಸಬೇಕು.

ಇಂದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ತಾವು ನನ್ನನ್ನು ಎಬ್ಬಿಸಿದಿರಿ. ಹಲ್ಲು ಬರುವ ನೋವಿಗೆ ಮೂರು ದಿನ ಅತ್ತಿದ್ದ ನನ್ನ ಏಳು ತಿಂಗಳ ಮಗಳು ಆಗತಾನೇ ಕಣ್ಣು ಮುಚ್ಚಿದ್ದಳು. ಅವಳ ಮಗ್ಗುಲಲ್ಲಿ ನಾನೂ ಮುಚ್ಚಿ ಆರು ನಿಮಿಷವಾಗಿತ್ತೋ ಏನೋ, ತಮ್ಮ ಕಾರಖಾನೆಯ ಟಾಂಗಾ ನಮ್ಮ ಓಣಿಯಲ್ಲಿ ನಿಂತಿತು. ಅದರಲ್ಲಿದ್ದವರು ತಗಡಿನ ಕೊಳವೆಯನ್ನು ಬಾಯಿಗಿಟ್ಟುಕೊಂಡು, “ಕೂಸು ಮಲಗೂದೇನ್ ದೊಡ್ಡ ಮಾತ್ರಿ, ನಮ್ಮ ಗುಳಿಗಿಗೆ ತೊಟ್ಟಿಲಾನ ಗೊರಕಿ ಹೊಡೀತೈತಿ!” ಎಂದು ಏಳು ಸಲ ಕೂಗಿದರು. ನಿದ್ರೆಯನ್ನು ಮಾರಬೇಕಾದರೆ ಮೊದಲು ಕೊಳ್ಳುವವರ ನಿದ್ರೆಯನ್ನು ಕೆಡಿಸಬೇಕೆಂಬ ತಮ್ಮ ವ್ಯಾಪಾರದ ಜಾಣತನಕ್ಕೆ ನಾನು ತಲೆಬಾಗುತ್ತೇನೆ. ಬಾಗಿದ ತಲೆ ಮೇಲೇಳುತ್ತಿಲ್ಲ, ಅದು ಬೇರೆ ಮಾತು.

ನಾನು ಇಲ್ಲಿಯ ಕಾಲೇಜಿನಲ್ಲಿ ಸಂಸ್ಕೃತ ಓದಿ ಬಿ.ಎ. ಆದವಳು. ಅತಿಶಯೋಕ್ತಿ, ವಿರೋಧಾಭಾಸ ಎಂದು ಲಕ್ಷಣ ಬಾಯಿಪಾಠ ಮಾಡಿ ಅಂಕ ಗಳಿಸಿದ್ದೇನೆ. ಅವು ಏನು ಮಾಡಬಲ್ಲವೆಂದು ಕಲಿತದ್ದು ಮಾತ್ರ ತಮ್ಮ ತಗಡಿನ ಡಬ್ಬಿಯಿಂದ; ಟಾಂಗಾದವರು ಕೂಗಿದ ಮಾತೇ ಅದರ ಮೇಲೂ ಇದೆ. “ಕೂಸು ಗಾಢವಾಗಿ ನಿದ್ರಿಸುವುದು” ಎಂದು ತಾವು ಬರೆದಿದ್ದರೆ, ಎಷ್ಟು ತಾಸು ಎಂದು ಯಾರಾದರೂ ಕೇಳುತ್ತಿದ್ದರು. ಗೊರಕೆ ಹೊಡೆಯುವ ತೊಟ್ಟಿಲಿನ ಜೊತೆ ವಾದ ಮಾಡುವವರು ಯಾರು? ಸುಳ್ಳು ಸಣ್ಣದಿದ್ದರೆ ಸಿಕ್ಕಿಬೀಳುತ್ತದೆ, ಇಷ್ಟು ದೊಡ್ಡದಾದರೆ ಜನ ಅದನ್ನು ಸುಳ್ಳೆನ್ನದೆ ನಕ್ಕು ಮನೆಗೆ ಒಯ್ಯುತ್ತಾರೆ. ಅದರಲ್ಲೂ ತಾವು ‘ಧಾರವಾಡವೇ ಮಲಗುತ್ತದೆ’ ಎನ್ನಲಿಲ್ಲ. ಊರನ್ನು ಕಣ್ಣಿಗೆ ತಂದುಕೊಳ್ಳಲಾಗದು. ಮನೆಮನೆಯಲ್ಲೂ ಇರುವ ತೊಟ್ಟಿಲನ್ನೇ ಹಿಡಿದಿರಿ. ಈಗ ನಾನು ಅದನ್ನು ತೂಗಿದಾಗಲೆಲ್ಲ ಕೀಲಿನ ಕಿರ್‌ಗುಟ್ಟುವ ಸಪ್ಪಳ ತಮ್ಮ ಜಾಹೀರಾತನ್ನು ಬಿಟ್ಟಿಯಾಗಿ ಸಾರುತ್ತದೆ.

ಡಬ್ಬಿಯ ಮಗ್ಗುಲಲ್ಲಿ “ನಿದ್ದೆ ಇಲ್ಲದ ತಾಯಿಗೆ ಎಚ್ಚರವೂ ಇಲ್ಲ” ಎಂದು ಬರೆದಿದ್ದೀರಿ. ಮೊದಲು ಓದಿದಾಗ ಇದು ಹುಚ್ಚುಮಾತು ಎನ್ನಿಸಿತು. ನಿದ್ದೆ ಇಲ್ಲವೆಂದರೆ ಎಚ್ಚರವೇ ತಾನೆ? ಆ ಕ್ಷಣ ಮನಸ್ಸು ಎಡವಿ ನಿಂತಿತು. ಮುಂದೆ ನೋಡಿದರೆ, ಅಡುಗೆಮನೆಯ ಒಲೆಯ ಮೇಲೆ ನನ್ನ ಅಮರಕೋಶವಿತ್ತು, ಪುಸ್ತಕದ ಕಪಾಟಿನಲ್ಲಿ ಹಾಲಿನ ಪಾತ್ರೆಯಿತ್ತು! ಒಗಟನ್ನು ನಾನೇ ಬಿಡಿಸಿದ್ದರಿಂದ ಮಾತೂ ನನ್ನದೇ ಆಯಿತು. ತಾವು ಹೇಳಿದ್ದನ್ನು ಅನುಮಾನಿಸಬಹುದಿತ್ತು, ನಾನೇ ಕಂಡುಕೊಂಡದ್ದನ್ನು ಹೇಗೆ ಅನುಮಾನಿಸಲಿ?

ಮುಚ್ಚಳದ ಮೇಲಿನದಂತೂ ತಕ್ಕಡಿಯೇ ಸರಿ: “ಡಾಕ್ಟರಿಗೆ ಹತ್ತು ಮಾತು, ಗುಳಿಗಿಗೆ ಒಂದು ತುತ್ತು.” ಎರಡೂ ಪರಡಿಯಲ್ಲಿ ಸಮತೂಕದ ಶಬ್ದಗಳು, ಮೊದಲರ್ಧ ಕೇಳಿದೊಡನೆ ಕಿವಿ ಎರಡನೆಯದಕ್ಕೆ ಕಾಯುತ್ತದೆ, ಬಂದೊಡನೆ ಹೌದೆನ್ನುತ್ತದೆ. ತಕ್ಕಡಿಗೆ ಮೂರನೆಯ ಪರಡಿ ಇರುವುದಿಲ್ಲವಾದ್ದರಿಂದ, ಡಾಕ್ಟರೂ ಬೇಡ ಗುಳಿಗೆಯೂ ಬೇಡ, ಹಲ್ಲು ತಾನಾಗಿ ಬರುತ್ತದೆ ಎಂಬ ಬಡಪಾಯಿ ಸತ್ಯಕ್ಕೆ ಕೂಡಲು ಜಾಗವೇ ಸಿಗಲಿಲ್ಲ.

ಇಷ್ಟಾದ ಮೇಲೆ ನನ್ನ ಅತ್ತೆಯವರಾದ ಅಂಬಾಬಾಯಿಯವರು ಆ ಟಾಂಗಾದಿಂದಲೇ ಡಬ್ಬಿ ಕೊಂಡದ್ದರಲ್ಲಿ ಆಶ್ಚರ್ಯವೇನು? ನಾಳೆ ಗುರುವಾರ ಮುಂಜಾನೆ ಪೂಜೆ ಮುಗಿಸಿ ಮೊದಲ ಗುಳಿಗೆ ಹಾಕುವುದೆಂದು ಗೊತ್ತುಮಾಡಿದ್ದಾರೆ.

ಮಾನ್ಯರೇ, ನಾನು ಡಬ್ಬಿಯನ್ನು ಬೋರಲು ಮಾಡಿ ನೋಡಿದೆ. ತಳದಲ್ಲಿ, ಇರುವೆ ನಡೆದುಹೋದಂಥ ಅಕ್ಷರಗಳಲ್ಲಿ, “ಅಹಿಫೇನಯುಕ್ತ. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡತಕ್ಕದ್ದಲ್ಲ” ಎಂದಿದೆ. ಅಹಿಫೇನವೆಂದರೆ ಅಫೀಮು. ಈ ಒಂದು ಸಾಲಿನಲ್ಲಿ ಮಾತ್ರ ತಮ್ಮ ಪ್ರತಿಭೆ ಏಕೆ ರಜೆ ತೆಗೆದುಕೊಂಡಿತು?

ಅತ್ತೆಯವರಿಗೆ ತೋರಿಸಿದೆ. “ಸಂಸ್ಕೃತದ ಹೆಸರು ಅದ, ಪವಿತ್ರನ ಇರಬೇಕು,” ಎಂದರು. ಬಿಡಿಸಿ ಹೇಳಿದರೆ, “ಸಣ್ಣ ಅಕ್ಷರದಾಗ ಬರದದ್ದು ಸಣ್ಣ ಮಾತ ಇರ್ತದ, ಗೋದಾ,” ಎಂದರು. “ಅಫೀಮು ಬೆರೆತ ಔಷಧ ಎಳೆಯ ಶಿಶುಗಳ ಉಸಿರಾಟಕ್ಕೆ ಅಪಾಯಕಾರಿ” ಎಂದು ಅಚ್ಚುಕಟ್ಟಾಗಿ ವಿವರಿಸಿದೆ. ಹೂಂಗುಟ್ಟಿದರು. ಅರ್ಧ ತಾಸಿನ ಬಳಿಕ, “ಆಗ ಏನೋ ಅಂದೆಲಾ, ಛಲೋ ಇತ್ತು. ಏನದು?” ಎಂದು ಕೇಳಿದರು.

ತಮ್ಮ ವಿದ್ಯೆಯನ್ನೇ ತಮ್ಮ ಮೇಲೆ ತಿರುಗಿಸೋಣವೆಂದು, “ಅಫೀಮು ನುಂಗಿದ ಕೂಸು ಏಳು ಜನ್ಮ ಮಲಗತದ, ಅತ್ತಿಯವರ!” ಎಂದೆ. “ಏಳು ಜನ್ಮ ಯಾಕವಾ, ಒಂದು ರಾತ್ರಿ ಮಲಗಿದ್ರ ಸಾಕಾಗೇದ!” ಎಂದು ಡಬ್ಬಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ಅತಿಶಯೋಕ್ತಿ ಕುದುರೆಯಂಥದು, ಮೋರೆ ಎತ್ತ ಮಾಡಿ ನಿಲ್ಲಿಸುತ್ತೇವೋ ಅತ್ತಲೇ ಓಡುತ್ತದೆ. ಅಂಜಿಕೆಯನ್ನು ಹಿಗ್ಗಿಸಬೇಕಾದವಳು ಅವರ ಆಸೆಯನ್ನೇ ಹಿಗ್ಗಿಸಿಬಿಟ್ಟಿದ್ದೆ.

ಕೂಸಿನ ಅಳು ಕೇಳಿ ಪಕ್ಕದ ಮನೆಯ ಮಕ್ತುಮಬಿ ಬಂದರು. ಆರು ಮಕ್ಕಳನ್ನು ಬೆಳೆಸಿದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿ, ಬಾಗಿಲಲ್ಲೇ ನಿಂತು ಅಂದರು: “ನೋಡ್ರಿ ಬಾಯಾರ, ಅಳೂ ಕೂಸು ಮನಿ ಎಬ್ಬಸತೈತಿ, ಅಳದ ಕೂಸು ಊರ ಎಬ್ಬಸತೈತಿ.”

ಅತ್ತೆಯವರ ಕೈ ಡಬ್ಬಿಯ ಮೇಲೆಯೇ ನಿಂತುಬಿಟ್ಟಿತು. ಸದ್ದಿಲ್ಲದ ಕೂಸು ಊರನ್ನು ಹೇಗೆ ಎಬ್ಬಿಸೀತು? ಆ ಒಗಟನ್ನು ಅವರು ತಾವೇ ಬಿಡಿಸಿಕೊಳ್ಳುವುದನ್ನು ನಾನು ಅವರ ಮುಖದಲ್ಲಿ ಕಂಡೆ. ನಸುಕಿನಲ್ಲಿ ಬಾಗಿಲ ಮುಂದೆ ನೆರೆದ ಜನರನ್ನೂ ಅವರು ಕಂಡಿರಬೇಕು. ಅಳೂ ಮತ್ತು ಅಳದ, ಮನಿ ಮತ್ತು ಊರ: ತಮ್ಮ ಮೂರು ಡಬ್ಬಿಮಾತುಗಳ ಕಸುಬೆಲ್ಲ ಆ ಒಂದರಲ್ಲಿತ್ತು. ವ್ಯತ್ಯಾಸವೆಂದರೆ, ಅದರ ತಳದಲ್ಲಿ ಸಣ್ಣ ಅಕ್ಷರಗಳಿರಲಿಲ್ಲ.

ಆದರೂ ಅತ್ತೆಯವರು ಪೂರ್ತಿ ಸೋಲುವವರಲ್ಲ. “ಮಾಡಿದವರ ಬಾಯಿಂದ ಕೇಳಿದ್ರ ಬಿಡ್ತೀನಿ. ಇಲ್ಲಾಂದ್ರ ನಾಳೆ ಪೂಜಿ ಆದಮ್ಯಾಲೆ ಅರ್ಧ ಗುಳಿಗಿ,” ಎಂದಿದ್ದಾರೆ.

ಆದಕಾರಣ ನನ್ನ ಬಿನ್ನಹಗಳು ಅಲ್ಪ. ಡಬ್ಬಿಯ ತಳವನ್ನು ಮೇಲಕ್ಕೂ ಮುಚ್ಚಳವನ್ನು ಕೆಳಕ್ಕೂ ಮಾಡಬೇಕು; ಟಾಂಗಾದವರು ತಳದ ಸಾಲನ್ನೇ ಏಳು ಸಲ ಕೂಗಬೇಕು, ಅದೂ ಪಿಸುಮಾತಿನಲ್ಲಿ; ತೊಟ್ಟಿಲಿನ ಗೊರಕೆಯನ್ನು ತಾವೇ ಬಂದು ಕೇಳಿ ಪ್ರಮಾಣಪತ್ರ ಬರೆಯಬೇಕು. ಇವು ಆಗದಿದ್ದರೂ ಚಿಂತೆಯಿಲ್ಲ, ಒಂದನ್ನು ಮಾತ್ರ ನಡೆಸಿಕೊಡಬೇಕು. ಈ ಪತ್ರದ ಒಂದು ಪ್ರತಿ ಪತ್ರಿಕೆಗೆ ಹೋಗುತ್ತದೆ. ಇನ್ನೊಂದನ್ನು ಮಕ್ತುಮಬಿಯವರ ಯಜಮಾನರಾದ ಫಕ್ರುಸಾಬರು ಸಂಜೆಯ ಗಾಡಿಯಲ್ಲಿ ಒಯ್ದು ತಮ್ಮ ಕೈಗೇ ಕೊಡುತ್ತಾರೆ. ನಮ್ಮ ಎದುರು ಮನೆಯ ವಕೀಲ ವೆಂಕಣ್ಣನವರಲ್ಲಿ ಟೆಲಿಫೋನಿದೆ, ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಯಾವ ಹೊತ್ತಿನಲ್ಲಾದರೂ ಸರಿ, ಅತ್ತೆಯವರನ್ನು ಕರೆಸಿ, ಏಳು ತಿಂಗಳ ಕೂಸಿಗೆ ಇದು ಸಲ್ಲದೆಂದು ತಮ್ಮ ಬಾಯಿಂದ ಹೇಳಬೇಕು.

ನಿದ್ದೆಯೂ ಇಲ್ಲದ, ತಮ್ಮ ಮಾತಿನಂತೆ ಎಚ್ಚರವೂ ಇಲ್ಲದ,
ತಮ್ಮ ವಿಶ್ವಾಸಿ,
ಗೋದಾಬಾಯಿ

ತಾ.ಕ.: ಟೆಲಿಫೋನಿನಲ್ಲಿ ಅಲಂಕಾರವೇನೂ ಬೇಡ. “ಕೊಡಬ್ಯಾಡ್ರಿ” ಎಂಬ ಒಂದೇ ಸಾದಾ ಮಾತು ಸಾಕು. ತಮಗೆ ರೂಢಿಯಿಲ್ಲದಿದ್ದರೆ ಸಂಜೆಯಿಂದಲೇ ಅಭ್ಯಾಸ ಮಾಡಿಕೊಳ್ಳಿರಿ. ಮಗಳು ಈಗ ಓಣಿಯೆಲ್ಲ ಕೇಳುವಂತೆ ಅಳುತ್ತಿದ್ದಾಳೆ. ಆ ಸಪ್ಪಳ ಇಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿರಲಿಲ್ಲ. ಅತ್ತೆಯವರ ಪೂಜೆ ಆರೂವರೆಗೆ ಮುಗಿಯುತ್ತದೆ. ಅದಕ್ಕೂ ಮೊದಲು, ದಯವಿಟ್ಟು, ಟೆಲಿಫೋನ್ ಮಾಡಿರಿ.