ಮಳೆ ಹಿಡಿದರೆ ಕಚ್ಚುವ ಕದ

ಬಡಗಿಗೆ ಕಟ್ಟಿಗೆಯ ಜೊತೆ ಜಗಳ ಕಡಿಮೆ, ಕಟ್ಟಿಗೆಯ ಮಾಲೀಕರ ಜೊತೆಯೇ ಜಾಸ್ತಿ. ಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ ಮಾಡುವ, ಊರೆಲ್ಲ ಅಕ್ಕ ಎನ್ನುವವರ ಮುಂಬಾಗಿಲಂತೂ ವರ್ಷ ವರ್ಷ ನನ್ನನ್ನು ಜಗಳಕ್ಕೆ ಕರೆಸುತ್ತಿತ್ತು.

೧. ಹೆರೆದದ್ದು

ಮಳೆ ಹಿಡಿದರೆ ಸಾಕು, ನಾನು ಮಾಡಿಕೊಟ್ಟ ಆ ಬೇವಿನ ಕದ ಚಿಲಕದ ಕಡೆ ಚೌಕಟ್ಟಿಗೆ ಕಚ್ಚಿಕೊಳ್ಳುವುದು.

"ಆಚಾರಿ, ಹಸಿ ಕಟ್ಟಿಗಿ ಹಾಕೀಯಲ್ಲ?" ಅಂದರು ಅಕ್ಕ.

"ಒಣಗಿದ್ದ ಹಾಕೀನ್ರಿ ಅಕ್ಕಾರ. ಮಳಿಗಾಲದ ಥಂಡಿ ಕುಡದು ಉಬ್ಬತೈತಿ. ಉದ್ದಕ್ಕ ಬೆಳಿಯಂಗಿಲ್ಲ, ಅಗಲಕ್ಕ ಬೆಳಿತೈತಿ."

ಅಕ್ಕ ನನ್ನ ಹೊಟ್ಟೆ ನೋಡಿ, "ನಿನ್ನಂಗ ಅನ್ನು" ಅಂದರು.

ಅಂಚು ಹೆರೆದು ಬಂದೆ.

೨. ಪಟ್ಟಿ ಬಡಿದದ್ದು

ಬೇಸಿಗೆಗೆ ಕದ ಒಣಗಿ ಕುಗ್ಗಿತು. ಸಂದಿಯಲ್ಲಿ ಬೀದಿ ಕಾಣತೊಡಗಿತು.

"ಹೋಗೋರು ಬರೋರು ನಮ್ಮನಿ ಸಾರು ಏನಂತ ನೋಡ್ಕೊಂಡು ಹೊಂಟಾರ. ಅಂಚಿಗೊಂದು ಕಟ್ಟಿಗಿ ಪಟ್ಟಿ ಬಡಿ."

"ಮಳಿ ಬಂದ್ರ ಮತ್ತ ಹಿಡಿತೈತ್ರಿ."

ಕೇಳಲಿಲ್ಲ. ಬಡಿದೆ. ಮಳೆ ಬಂತು, ಕದ ಹಿಡಿಯಿತು. ಅಕ್ಕ ಮತ್ತೆ ನನ್ನ ಮೇಲೆ ಬಂದರು.

"ಪಟ್ಟಿ ಬಡಿ ಅಂದೋರು ಯಾರ್ರಿ?" ಅಂದೆ.

"ನಾನು ಹೂವಿನಾಕಿ, ಏನರ ಅಂತೀನಿ. ಬಡಗಿ ನೀನಲ್ಲ?"

೩. ಕನ್ಯೆ ನೋಡಲು ಬಂದವರು

ಅದೇ ವಾರ ಅಕ್ಕನ ದೊಡ್ಡ ಮಗಳನ್ನು ನೋಡಲು ಹಗರಿಬೊಮ್ಮನಹಳ್ಳಿಯಿಂದ ಗಂಡಿನವರು ಬಂದರು. ಇರಚಲು ಹೊಡೆಯಿತೆಂದು ಯಾರೋ ಬಾಗಿಲು ದಬ್ಬಿ ಹಾಕಿದರು. ಅವಲಕ್ಕಿ ಆಯಿತು, ಚಹಾ ಆಯಿತು. ಗಂಡಿನ ಸೋದರಮಾವ ಎದ್ದು, "ಊರಿಗೆ ಹೋಗಿ ವಿಚಾರ ಮಾಡಿ ಹೇಳ್ತೀವ್ರಿ" ಅಂದ. ಹಾಗೆ ಹೇಳಿ ಹೋದವರು ಆಮೇಲೆ ಸುದ್ದಿ ಕಳಿಸುವುದಿಲ್ಲ ಎಂಬುದು ಅಕ್ಕನಿಗೂ ಗೊತ್ತು.

ಆದರೆ ಹೋಗುವುದು ಹೇಗೆ? ಮನೆಗಿದ್ದದ್ದು ಅದೊಂದೇ ಬಾಗಿಲು. ಜಗ್ಗಿದರೂ ಬರಲಿಲ್ಲ. ಕಿಟಕಿಯಿಂದ ಎದುರಿನ ಎಸ್‌ಟಿಡಿ ಬೂತಿನವನನ್ನು ಕೂಗಿ ನನ್ನನ್ನು ಕರೆಸಿದರು.

ಹೊರಗಿಂದ ಜೋರಾಗಿ ದೂಡಿದರೆ ಚೌಕಟ್ಟು ಬಿರಿಯುತ್ತದೆ. ಕದ ತಿರುಗುವ ಬಿಜಾಗ್ರಿಗಳು ಒಳಗಡೆ. ಕಿಟಕಿಯಿಂದ ಸುತ್ತಿಗೆ, ದಪ್ಪ ಮೊಳೆ ಕೊಟ್ಟು, "ಬಿಜಾಗ್ರಿ ನಡುವಿನ ಕಡ್ಡಿ ಕೆಳಗಿಂದ ಮ್ಯಾಲಕ್ಕ ಬಡೀರಿ. ಕದ ಮೈಮ್ಯಾಲ ಬಿದ್ದೀತು, ಒಬ್ರು ಹಿಡ್ಕೊಳ್ರಿ" ಅಂದೆ.

ಗಂಡಿನದು ಸೈಕಲ್ ಶಾಪು. ಅಂಗಿಯ ತೋಳು ಮಡಚಿ ಬಡಿಯಲು ಕುಳಿತ. ಕದ ಹಿಡಿದುಕೊಂಡವಳು ಹುಡುಗಿ. ತುಕ್ಕು ಹಿಡಿದ ಕಡ್ಡಿಗಳು ಬೇಗ ಬರಲಿಲ್ಲ. ಅವರಿಬ್ಬರಿಗೂ ಅವಸರವಿದ್ದಂತೆ ಕಾಣಲಿಲ್ಲ. ಕಡೆಗೆ ಕದ ಕಳಚಿ ಬರುವ ಹೊತ್ತಿಗೆ ಗಂಡು, "ಮಾವ, ವಿಚಾರ ಇಲ್ಲೇ ಆತು. ನನಗ ಒಪ್ಪಿಗಿ ಐತಿ" ಅಂದ. ಹುಡುಗಿ ನಕ್ಕಳು. ಸೋದರಮಾವ ಮತ್ತೆ ಕುಳಿತ.

ಕದ ಮಲಗಿಸಿ ನೋಡಿದೆ. ಬಣ್ಣದವನು ಚೌಕಟ್ಟಿಗೆ ಕೂರಿಸಿದ್ದ ಕದಕ್ಕೇ ಬಣ್ಣ ಬಳಿದು ಹೋಗಿದ್ದ. ಮೇಲಿನ, ಕೆಳಗಿನ ಅಂಚು ಬರೀ ಕಟ್ಟಿಗೆ.

"ನೋಡ್ರಿ ಅಕ್ಕಾರ, ಥಂಡಿ ಕುಡಿಯೋದು ಇಲ್ಲಿಂದ. ಈಗ ಪಟ್ಟಿ ಕೀಳ್ತೀನಿ. ಬ್ಯಾಸಗ್ಯಾಗ ಚಲೋ ಒಣಗಿದ ಮ್ಯಾಲೆ ಆರೂ ಮಗ್ಗಲಿಗೆ ಬಣ್ಣ ಕುಡಿಸಿದ್ರ ಉಬ್ಬೋದೂ ಕಡಿಮಿ, ಕುಗ್ಗೋದೂ ಕಡಿಮಿ."

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು:

"ಪಟ್ಟಿ ಇರ್ಲಿ ಬಿಡು ಆಚಾರಿ. ಸಣ್ಣಾಕಿನ್ನ ನೋಡಾಕ ಬರೋದು ಮುಂದಿನ ಮಳಿಗಾಲಕ್ಕ."