ಸಿಟ್ಟು ಬೀಸಿದ ರಾಗಿಕಲ್ಲು

ದೇವರು ನನಗೆ ಕೊಟ್ಟ ಸಣ್ಣಪುಟ್ಟ ಕೃಪೆಗಳಲ್ಲಿ ನಮ್ಮ ಮನೆಯವರ ಸಿಟ್ಟನ್ನು ಸೇರಿಸಬೇಕೋ ಬೇಡವೋ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಅವರು ಶ್ರೀನಿವಾಸಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತರು. ಅಲ್ಲಿ ಬೈಸಿಕೊಂಡ ದಿನ ನಮ್ಮ ಬಾಗಿಲು, ಚೊಂಬು, ಹಸು ಮೂರಕ್ಕೂ ಗ್ರಹಚಾರ. ಕೈಯೆತ್ತಿದವರಲ್ಲ, ಅದೊಂದು ಪುಣ್ಯ. ಚೊಂಬಿಗೆ ಮಾತ್ರ ನಾಲ್ಕು ಕಡೆ ನೆಗ್ಗು.

ಯುದ್ಧದ ಕಾಲ. ಎಣ್ಣೆ ಸಿಗದೆ ಹಿಟ್ಟಿನ ಮಿಷನ್ ನಿಂತು, ಮೂಲೆ ಸೇರಿದ್ದ ರಾಗಿಕಲ್ಲು ಮತ್ತೆ ನಡುಮನೆಗೆ ಬಂದಿತ್ತು. ಒಂದು ಸಂಜೆ ಇವರು ಬಂದವರೇ ಕಾಗದ, ಮಸಿ ಕೇಳಿದರು. ಮೂಟೆಗಳನ್ನು ಇಬ್ಬನಿಗೆ ಬಿಟ್ಟರೆಂದು ಧಣಿ ಹತ್ತು ಜನರೆದುರು, "ಬುದ್ಧಿ ಉಂದಾ ನೀಕು?" ಎಂದು, ನಿನಗೆ ಬುದ್ಧಿ ಇದೆಯೇ ಎಂದು, ತೆಲುಗಿನಲ್ಲಿ ಬೈದಿದ್ದನಂತೆ.

"ರಾಜೀನಾಮೆ ಬರೆದು ನಾಳೆ ಅವನ ಮುಖದ ಮೇಲೆ ಎಸೆದು ಬರ್ತೀನಿ ಕಣೇ. ಕೆಲಸಾನೂ ಬೇಡ, ಏನೂ ಬೇಡ."

ಕೆಲಸ ಹೋದರೆ ಮೂರು ಮಕ್ಕಳಿಗೆ ಮುದ್ದೆ ಎಲ್ಲಿಂದ? ಬಾಯಿಗೆ ಬಂದದ್ದು ಇಷ್ಟೇ: "ಮಸಿ ಕಲಸ್ತೀನಿ. ಅಷ್ಟರೊಳಗೆ ಈ ಸೇರು ರಾಗಿ ಬೀಸಿಕೊಡ್ರೀ, ತೋಳು ನೋವು."

"ಗಂಡಸು ಬೀಸ್ತಾನೇನೇ?"

"ಬಾಗಿಲು ಹಾಕಿದೀನಿ. ಬರೀ ಬೀಸಿದ್ರೆ ಕಲ್ಲು ಭಾರ ಆಗ್ತದೆ, ಪದ ಹೇಳ್ರೀ. ನಿಮ್ಮ ಧಣಿ ಮೇಲೇ ಹೇಳ್ರೀ, ಹೆಸರೊಂದು ಬೇಡ."

ನಮ್ಮತ್ತೆ ಕಲಿಸಿದ ಪಾಠ ಅದು. ಅವರು ಬೀಸುವಾಗ ನನ್ನ ಮೇಲಿನ ದೂರನ್ನೆಲ್ಲ ಕಲ್ಲಿಗೆ ಹೇಳುತ್ತಿದ್ದರು. ನಾನು ಬೀಸುವಾಗ ಅವರ ಮೇಲಿನದನ್ನು ಹೇಳುತ್ತಿದ್ದೆ. ಕಲ್ಲಿಗೆ ಹೇಳಿದ್ದನ್ನು ಮನುಷ್ಯರು ಕೇಳಿದರೂ ಕೇಳದಂತಿರಬೇಕು, ಜಗಳಕ್ಕೆ ಎಳೆಯಬಾರದು. ಹರಸದೆ ಕಲ್ಲು ಬಿಟ್ಟು ಏಳಬಾರದು. ಅಷ್ಟೇ ಕಟ್ಟಳೆ.

ಇವರು ಗೂಟ ಹಿಡಿದು ಗರಗರ ತಿರುಗಿಸಿದರು.

"ಗಡಿಗೆ ಹೊಟ್ಟೆಯ ಧಣಿಯೆ ಗುಡುಗ್ಯಾಡಿ ಬೈದೀಯೆ
ನಡುಬೀದಿಗೆಳೆದೆ ಮಾನಾವ, ರಾಗಿಕಲ್ಲೆ
ಪುಡಿಮಾಡೆ ಅವನ ಸೊಕ್ಕಾನ."

ರಾಗವಿಲ್ಲ, ತಾಳವಿಲ್ಲ, ಹಸು ಬೆಚ್ಚಿ ಎದ್ದು ನಿಂತಿತು. ಆದರೆ ಸಿಟ್ಟಿನ ಕೈಗೆ ನುಣ್ಣನೆ ಹಿಟ್ಟು ಬೀಳುವುದಿಲ್ಲ. ಬಿದ್ದದ್ದೆಲ್ಲ ನುಚ್ಚು. ಜರಡಿ ಹಿಡಿದು ತೋರಿಸಿದೆ. "ಇನ್ನೊಂದು ಸಲ ಬೀಸ್ಬೇಕು. ಚಿಟಿಕೆ ಚಿಟಿಕೆ ಹಾಕಿ, ಮೆಲ್ಲಗೆ. ಸಾಲಿನ ಕೊನೇನ ಉಸಿರಿರೋ ತನಕ ಎಳೀರಿ."

ಎಳೆದರು. ಸಾಲಿಗೊಂದು ಸುತ್ತು, ಸುತ್ತಿಗೊಂದು ನಿಟ್ಟುಸಿರು. ಉಸಿರು ಉದ್ದವಾದಂತೆ ಬೈಗುಳ ಗಿಡ್ಡವಾಯಿತು, ಹೆಗಲು ಇಳಿಯಿತು. "ಆವತ್ತು ಇಬ್ಬನಿ ನಾನೂ ನೋಡ್ಲಿಲ್ಲ ಅನ್ನು," ಎಂದರು, ಕಲ್ಲಿಗೋ ನನಗೋ.

"ಹರಸಿ ಏಳ್ರೀ."

"ಅವನನ್ನೇನೇ?"

"ಮತ್ತೆ ಕಲ್ಲನ್ನೇ?"

ಹಲ್ಲು ಕಚ್ಚಿಕೊಂಡೇ ಹೇಳಿದರು.

"ಧಣಿಯ ಮನೆ ದೀಪ ತಣ್ಣಗೆ ಉರಿಯಾಲಿ
ಹುಣಿಸೆ ಕೆಡದಿರಲಿ ಗೋಣ್ಯಾಗೆ, ಅವನೀಗೆ
ಮಣಿಯಂಥ ಮಾತು ಬರಲಯ್ಯ."

ಎದ್ದವರು ಎರಡು ಮುದ್ದೆ ಉಂಡರು. ಬೆಳಿಗ್ಗೆ, "ಮೂಟೆಗಳನ್ನ ಮೊದಲು ಬಿಸಿಲಿಗೆ ಹಾಕಿಸ್ತೀನಿ," ಎನ್ನುತ್ತ ಹೊರಟೇಬಿಟ್ಟರು. ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಆಮೇಲೆ ಅವರಿಗೆ ಅದು ರೂಢಿಯಾಯಿತು. ಹೋದ ಗುರುವಾರ ನೀರು ತಂದು ಬಾಗಿಲಿಗೆ ಬಂದರೆ, ಒಳಗೆ ಪದ ಜೋರಾಗಿ ನಡೆದಿದೆ. ಧಣಿಯ ಸುದ್ದಿಯೇ ಇಲ್ಲ. ಉಪ್ಪು ಮರೆಯುವವಳು, ಪುರಾಣ ಕೇಳಲು ಹೋದರೆ ಮನೆ ಮರೆಯುವವಳು, ಗಂಡನನ್ನು ರಾಗಿ ಬೀಸಲು ಕೂರಿಸಿದ ಜಾಣೆ... ಯಾರೆಂದು ಬೇರೆ ಹೇಳಬೇಕೆ? ಕೊಡ ಕುಕ್ಕಿ ಒಳನುಗ್ಗಬೇಕೆನಿಸಿತು. ಕಟ್ಟಳೆ ಬಿಡಲಿಲ್ಲ. ಹರಸುವ ಸಾಲು ಬರುವವರೆಗೂ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಹೊರಗೇ ನಿಂತಿದ್ದೆ. ಬಂತು, ಚೆನ್ನಾಗಿಯೇ ಹರಸಿದರು. ಆಮೇಲೆ ಒಳಗೆ ಹೋಗಿ ಸೆರಗು ಸಿಕ್ಕಿಸಿ ಹೇಳಿದೆ:

"ಸ್ವಲ್ಪ ಸರೀರಿ. ಈಗ ನಾನು ಬೀಸ್ಬೇಕು."